ಬೀಗ ಹಾಕಿದ ಮನೆಯ ಕಾಲಂ

ಕಲಬುರಗಿಯಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್.ಎಸ್.ಎಸ್. ಕಾರ್ಯಕ್ರಮಾಧಿಕಾರಿಗಳು ಮತ್ತು ಸ್ವಯಂಸೇವಕರ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದು.

ಮೊದಲು ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಬಿ.ಎ. ಎರಡನೇ ವರ್ಷ. ಚಿತ್ತಾಪುರ ತಾಲೂಕಿನ ಒಂದು ಊರಲ್ಲಿ ನಮ್ಮ ಏಳು ದಿನದ ಶಿಬಿರ ನಡೆದಿತ್ತು. ಫೆಬ್ರುವರಿ ತಿಂಗಳು, ತೊಗರಿ ರಾಶಿ ಮುಗಿದಿತ್ತು. ಬೆಳಗ್ಗೆ ಶ್ರಮದಾನ, ಮಧ್ಯಾಹ್ನ ಮನೆ ಮನೆ ಸಮೀಕ್ಷೆ. ಈ ಹುಡುಗನಿಗೆ ಹನ್ನೆರಡು ಮನೆ ಕೊಟ್ಟಿದ್ದೆ. ಸಂಜೆ ಫಾರಂ ತಂದು ಕೊಟ್ಟ. ಎಂಟು ತುಂಬಿತ್ತು, ನಾಲ್ಕು ಖಾಲಿ. "ಯಾಕಪ್ಪ?" ಅಂದೆ. "ಬೀಗ ಹಾಕಿತ್ತು ಸರ್" ಅಂದ. ಸರಿ, ಬಿಡು ಅಂದೆ. ನನ್ನ ಫಾರಂನಲ್ಲಿ ಅದಕ್ಕೆ ಒಂದು ಕಾಲಂ ಇತ್ತು, 'ಬೀಗ ಹಾಕಿದ ಮನೆ' ಅಂತ. ಅಲ್ಲಿ ಟಿಕ್ ಹಾಕಿದರೆ ಮುಗೀತು, ಲೆಕ್ಕ ಸರಿಹೋಗುತ್ತದೆ.

ಐದನೇ ದಿನ ಸಂಜೆ ಎಲ್ಲರೂ ಶಾಲೆಯ ಅಂಗಳದಲ್ಲಿ ಕೂತಿದ್ದಾಗ ಅವನು ತಾನಾಗಿ ಬಾಯಿ ಬಿಟ್ಟ. "ಸರ್, ನಮ್ಮ ಮನೀಗೂ ಆರು ವರ್ಷ ಹಿಂಗೇ ಬೀಗ ಇತ್ತು. ನಾ ಪುಣೆದಾಗ ಇದ್ದೆ. ಕಟ್ಟಡ ಕೆಲಸಕ್ಕ ಅಪ್ಪ ಅವ್ವ ಹೋಗಿದ್ರು, ನಾ ತಂಗೀನ ಹಿಡ್ಕೊಂಡು ಮರಳಿನ ಗುಂಪಿ ಮ್ಯಾಲ ಕುಂದರ್ತಿದ್ದೆ. ಕಾಲೇಜಿನಾಗ ಯಾರಿಗೂ ಹೇಳಿಲ್ಲ." ಇಷ್ಟು ಹೇಳಿ ಸುಮ್ಮನಾದ. ಎರಡು ವರ್ಷ ಜೊತೆಯಲ್ಲೇ ಓದಿದ ಗೆಳೆಯರಿಗೂ ಅದು ಗೊತ್ತಿರಲಿಲ್ಲ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದೆಲ್ಲ ಆ ಒಂದು ಸಂಜೆಯ ಸುತ್ತಲೇ ಇದೆ. ಸೇವೆಗೆ ಹೋದ ಹುಡುಗ ಹುಡುಗಿಯರಲ್ಲಿ 'ನಾನು ಯಾರು' ಅನ್ನುವ ತಿಳಿವಳಿಕೆ ಹೇಗೆ ಬದಲಾಗುತ್ತದೆ, 'ಇದು ನನ್ನ ಜವಾಬ್ದಾರಿ' ಅನ್ನುವ ಮಾತು ಯಾವಾಗ ಬರುತ್ತದೆ, ಯಾವಾಗ ಬರುವುದೇ ಇಲ್ಲ.

ಹೊಸಬರು ಇದ್ದೀರಿ, ಅದಕ್ಕೆ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ಕ್ಕೆ, ಗಾಂಧೀಜಿ ಹುಟ್ಟಿದ ನೂರನೇ ವರ್ಷದಲ್ಲಿ. ಆಗ 37 ವಿಶ್ವವಿದ್ಯಾಲಯ, 40 ಸಾವಿರ ವಿದ್ಯಾರ್ಥಿಗಳು. ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಒಂದು ಏಳು ದಿನದ ವಿಶೇಷ ಶಿಬಿರ ಮುಗಿಸಬೇಕು. ಇದು ನಿಮಗೆ ಗೊತ್ತೇ ಇದೆ. ಇನ್ನು 'ಸೇವಾ ಕಲಿಕೆ' ಅಂದರೆ ಇನ್ನೊಂದು ಹೆಜ್ಜೆ ಮುಂದೆ. ಊರಲ್ಲಿ ಮಾಡಿದ ಕೆಲಸಕ್ಕೂ ತರಗತಿಯ ಪಾಠಕ್ಕೂ ಗಂಟು ಹಾಕಬೇಕು, ಆ ಗಂಟನ್ನು ಹಾಕುವ ಜಾಗಕ್ಕೆ ಆತ್ಮಾವಲೋಕನ ಅಂತ ಹೆಸರು. ದೊಡ್ಡ ಪದ ಅದು. ನಾವು ನಮ್ಮ ಶಿಬಿರದಲ್ಲಿ 'ಸಂಜೆ ಕೂಟ' ಅಂತಿದ್ದೆವು, ಇಲ್ಲೂ ಹಾಗೇ ಕರೆಯುತ್ತೇನೆ.

ಗಂಟೆ ಎಣಿಸುವುದು ಸುಲಭ. ಆದರೆ ಹಾಜರಿ ಪುಸ್ತಕದಲ್ಲಿ 240 ತುಂಬಿದ ಹುಡುಗ ಒಳಗೆ ಅಲ್ಲಾಡಿದನಾ ಇಲ್ಲವಾ ಅಂತ ಆ ಪುಸ್ತಕ ಹೇಳುವುದಿಲ್ಲ. ನಾನು ಮೊದಲ ಮೂರು ವರ್ಷ ಬರೀ ಗಂಟೆ ಎಣಿಸಿದೆ. ಚರಂಡಿ ಬಳಿದೆವು, ಗಿಡ ಹಚ್ಚಿದೆವು, ಜಾಥಾ ಮಾಡಿದೆವು. ಒಂದು ಸಲ ಚರಂಡಿ ಬಳಿಯುವಾಗ ಕಟ್ಟೆ ಮೇಲೆ ಕೂತಿದ್ದ ಒಬ್ಬ ಆಯಿ ನಮ್ಮ ಹುಡುಗಿಯನ್ನು ಕೇಳಿದಳು, "ಯವ್ವಾ, ಮುಂದಿನ ವಾರಾನೂ ಬರ್ತೀರೇನ?" ಹುಡುಗಿ ನನ್ನ ಮುಖ ನೋಡಿದಳು. ನಾನು ಆಯಿಗೆ ಏನೂ ಹೇಳಲಿಲ್ಲ. ಆ ಪ್ರಶ್ನೆ ಮಾತ್ರ ಇವತ್ತಿಗೂ ತಲೆಯಲ್ಲಿದೆ.

ಈ ವಿಷಯದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಅಧ್ಯಯನ ಇದೆ. ಜೇಮ್ಸ್ ಯೂನಿಸ್ ಮತ್ತು ಮಿರಾಂಡಾ ಯೇಟ್ಸ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಮಾಡಿದ್ದು, 1997ರಲ್ಲಿ ಪುಸ್ತಕವಾಗಿ ಬಂತು. ಅದೊಂದು ಕ್ಯಾಥೊಲಿಕ್ ಪ್ರೌಢಶಾಲೆ, ಹೆಚ್ಚಿನವರು ಕಪ್ಪು ಜನಾಂಗದ ಮಕ್ಕಳು. ಅವರಿಗೆ ಸಾಮಾಜಿಕ ನ್ಯಾಯದ ಒಂದು ಪಾಠ, ಅದರ ಜೊತೆಗೆ ಮನೆಯಿಲ್ಲದವರಿಗೆ ಉಚಿತ ಊಟ ಹಾಕುವ ಜಾಗದಲ್ಲಿ ಕೆಲಸ. ಹೋಗಿ ಬಂದ ಮೇಲೆ ಬರೆಯಬೇಕು, ಗುಂಪಿನಲ್ಲಿ ಕೂತು ಮಾತಾಡಬೇಕು. ಆ ಬರಹಗಳನ್ನು ಓದಿದಾಗ ಅವರಿಗೆ ಮೂರು ಮೆಟ್ಟಿಲು ಕಂಡವು. ಮೊದಲ ಮೆಟ್ಟಿಲಲ್ಲಿ, ಬೀದಿಯಲ್ಲಿ ಮಲಗುವವನೂ ನನ್ನಂಥ ಒಬ್ಬ ಮನುಷ್ಯ, ನಾನು ಅಂದುಕೊಂಡ ಹಾಗೆ ಇಲ್ಲ ಅಂತ ಗೊತ್ತಾಗುತ್ತದೆ. ಎರಡನೆಯದರಲ್ಲಿ ಹುಡುಗ ತನ್ನ ಬದುಕನ್ನು ಅವನ ಬದುಕಿನ ಪಕ್ಕ ಇಟ್ಟು ನೋಡುತ್ತಾನೆ. ಮೂರನೆಯದರಲ್ಲಿ, ಇದು ಯಾಕೆ ಹೀಗಿದೆ, ಇದನ್ನು ಹೀಗೆ ಇಟ್ಟವರು ಯಾರು, ಇದರಲ್ಲಿ ನಾನು ಮಾಡಬೇಕಾದ್ದೇನು ಅಂತ ಕೇಳುತ್ತಾನೆ. ಎಲ್ಲರೂ ಮೂರನೆಯದನ್ನು ಹತ್ತುವುದಿಲ್ಲ.

ನಾನು ಇದನ್ನು ಓದಿದ ಮೇಲೆ ನಮ್ಮ ಹುಡುಗರ ಡೈರಿ ತೆಗೆದು ನೋಡಿದೆ. ಒಂದು ಕಡೆ ನಮ್ಮದು ಬೇರೆಯೇ ಕಂಡಿತು. ಸೇವೆಯ ಬಗ್ಗೆ ಬರೆದದ್ದು ಓದಿದರೆ, ಸೇವೆ ಮಾಡುವವನು ಬೇರೆ, ಸೇವೆ ಪಡೆಯುವವನು ಬೇರೆ ಅಂತಲೇ ಹೆಚ್ಚಾಗಿ ಇರುತ್ತದೆ. ಉಳ್ಳವನು ಇಲ್ಲದವನನ್ನು ಹೋಗಿ ನೋಡುತ್ತಾನೆ. ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಕಾಲೇಜುಗಳಲ್ಲಿ ಹಾಗಲ್ಲ, ಅಲ್ವಾ? ನಮ್ಮ ಸ್ವಯಂಸೇವಕನೇ ಗುಳೆ ಹೋಗಿ ಬಂದ ಮನೆಯವನು. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲು. ಅವನಿಗೆ ಕಾಲೇಜು ಅಂದರೆ ಆ ಬೀಗ ಹಾಕಿದ ಮನೆಯಿಂದ ದೂರ ಹೋಗುವ ದಾರಿ. ಬಸ್ಸಿನಿಂದ ಇಳಿದ ಕೂಡಲೇ ಮಾತು ಬದಲಾಗುತ್ತದೆ, 'ಹೋಗ್ಯಾನ' ಹೋಗಿ 'ಹೋಗಿದ್ದಾನೆ' ಬರುತ್ತದೆ. ಅಂಥವನನ್ನು ನಾವು ವಾಪಸ್ ಅದೇ ಊರಿನಂಥ ಊರಿಗೆ, ಕೈಯಲ್ಲಿ ಫಾರಂ ಕೊಟ್ಟು, ಎದೆಗೆ ಚಕ್ರದ ಬ್ಯಾಡ್ಜ್ ಹಚ್ಚಿ ಕಳಿಸುತ್ತೇವೆ. ಅವನಿಗೆ ಮೊದಲ ಮೆಟ್ಟಿಲು ಹತ್ತುವುದೇ ಬೇಕಿಲ್ಲ. ಬಡವನೂ ಮನುಷ್ಯ ಅಂತ ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಅವನು ನಿಂತುಬಿಡುವುದು ಎರಡನೇ ಮೆಟ್ಟಿಲಲ್ಲಿ. ತನ್ನ ಬದುಕನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ. ಅದನ್ನು ಹೇಳಿಕೊಳ್ಳಲು ನಾಚಿಕೆ.

ಆ ನಾಚಿಕೆ ಕರಗುವುದನ್ನು ನಾನು ಇನ್ನೊಂದು ಕಡೆಯೂ ನೋಡಿದ್ದೇನೆ. ಅದೇ ಶಿಬಿರ. ಊರಿಗೆ ಹೊಂದಿಕೊಂಡು ಒಂದು ತಾಂಡಾ ಇತ್ತು. ನಮ್ಮ ಹುಡುಗರು ಎರಡು ದಿನ ಹೋದರೂ ಹೆಂಗಸರು ಬಾಗಿಲಲ್ಲೇ ಎರಡು ಮಾತಾಡಿ ಕಳಿಸಿಬಿಟ್ಟರು. ಮೂರನೇ ದಿನ ಒಬ್ಬ ಹುಡುಗಿ, ಕಾಲೇಜಿನಲ್ಲಿ ಯಾವತ್ತೂ ಬಾಯಿ ಬಿಡದವಳು, ಮೆಲ್ಲಗೆ ನನ್ನ ಹತ್ತಿರ ಬಂದು "ಸರ್, ನಾ ಹೋಗ್ತೀನಿ" ಅಂದಳು. ಹೋಗಿ ಲಂಬಾಣಿ ಮಾತಾಡಿದಳು. ಅರ್ಧ ಗಂಟೆಯಲ್ಲಿ ಅವಳಿಗೆ ಕೌದಿ ಹಾಸಿ ಕೂಡಿಸಿ, ಚಹಾ ಕೊಟ್ಟು, ಯಾರು ಯಾರ ಮಗಳು, ಯಾವ ತಾಂಡಾ ಅಂತ ಎಲ್ಲ ಕೇಳಿದ್ದರು. ಉಳಿದ ಹುಡುಗಿಯರು ಸುತ್ತ ಕೂತು "ಅವರೇನಂದ್ರು, ಅವರೇನಂದ್ರು" ಅಂತ ಅವಳನ್ನೇ ಕೇಳುತ್ತಿದ್ದರು. ಕಾಲೇಜಿನಲ್ಲಿ ಬಚ್ಚಿಟ್ಟುಕೊಂಡ ಮಾತು ಅಲ್ಲಿ ಎಲ್ಲರಿಗೂ ಬೇಕಾದ ಮಾತಾಯಿತು. ಎರಿಕ್ ಎರಿಕ್‌ಸನ್ ಅನ್ನುವ ಮನೋವಿಜ್ಞಾನಿ ಹದಿಹರೆಯದ ಬಗ್ಗೆ ಹೇಳಿದ್ದೂ ಹೆಚ್ಚು ಕಡಿಮೆ ಇದೇ. ನಾನು ಯಾರು ಅನ್ನುವುದು ಒಬ್ಬನೇ ಕೂತು ಯೋಚಿಸಿದರೆ ಗಟ್ಟಿಯಾಗುವುದಿಲ್ಲ, ಸುತ್ತಲಿನವರು ನನ್ನನ್ನು ಯಾರು ಅಂತ ಗುರುತಿಸುತ್ತಾರೆ ಅನ್ನುವುದೂ ಅದಕ್ಕೆ ಬೇಕು. ಅವಳನ್ನು ಆ ದಿನ ಎರಡೂ ಕಡೆಯವರು ಗುರುತಿಸಿದರು. ತಾಂಡಾದವರೂ, ಗೆಳತಿಯರೂ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನು ಕೇಳಿ ನೀವು ನಾಳೆ ಶಿಬಿರದಲ್ಲಿ 'ಗುಳೆ ಹೋದವರು ಯಾರಿದ್ದೀರಿ, ಕೈ ಎತ್ತಿ' ಅಂತ ಕೇಳಬೇಡಿ. 'ನೀನು ಲಂಬಾಣಿ ಅಲ್ವಾ, ನೀ ಹೋಗು' ಅಂತ ಕಳಿಸಬೇಡಿ. ತಾನಾಗಿ ಹೇಳಿದರೆ ಅದು ಬಲ. ಮೇಷ್ಟ್ರು ಎಲ್ಲರ ಮುಂದೆ ಹೇಳಿಸಿದರೆ ಅದು ಅವಮಾನ. ಆ ಮಗು ಮುಂದಿನ ವರ್ಷ ಎನ್.ಎಸ್.ಎಸ್. ಕಡೆ ತಿರುಗಿಯೂ ನೋಡುವುದಿಲ್ಲ.

ಹಾಗಾದರೆ ತಾನಾಗಿ ಹೇಳುವ ಹಾಗೆ ಆಗುವುದು ಹೇಗೆ? ಸಂಜೆ ಕೂಟವನ್ನು ನಾನು ಮೊದಲು ಪೂರಾ ತಪ್ಪಾಗಿ ನಡೆಸಿದೆ. "ಇವತ್ತು ಹೇಗನಿಸಿತು?" ಅಂತ ಕೇಳುತ್ತಿದ್ದೆ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಎದ್ದು ನಿಂತು "ತುಂಬಾ ಖುಷಿಯಾಯ್ತು ಸರ್, ಹಳ್ಳಿ ಜನರ ಕಷ್ಟ ಗೊತ್ತಾಯ್ತು ಸರ್" ಅನ್ನುತ್ತಿದ್ದರು. ಹಳ್ಳಿಯವರೇ ನಿಂತು ಹಳ್ಳಿ ಜನರ ಕಷ್ಟ ಗೊತ್ತಾಯಿತು ಅನ್ನುತ್ತಿದ್ದರು, ನನಗೆ ಅದೂ ಹೊಳೆಯಲಿಲ್ಲ. ಆಮೇಲೆ ಪ್ರಶ್ನೆ ಬದಲಿಸಿದೆ. ಒಂದೇ ಕೇಳುವುದು: ಇವತ್ತು ಯಾರನ್ನು ಭೇಟಿಯಾದೆ, ಅವರು ಏನಂದರು, ಅವರದೇ ಮಾತಿನಲ್ಲಿ ಹೇಳು. ಅಷ್ಟೇ. ಅವರದೇ ಮಾತು ಅಂದ ಕೂಡಲೇ 'ಹೋಗಿದ್ದಾನೆ' ಬಿಟ್ಟು 'ಹೋಗ್ಯಾನ' ಬರುತ್ತದೆ, ದನಿ ಸಡಿಲಾಗುತ್ತದೆ. ಮೂರನೇ ದಿನದಿಂದ ಇನ್ನೊಂದು ಸೇರಿಸಿದೆ, ಅದು ಹಾಗೆ ಯಾಕಿದೆ? ಕೊನೆಯ ಎರಡು ದಿನ, ಇದರಲ್ಲಿ ನಮ್ಮ ಕೈಲಾಗುವುದು ಯಾವುದು, ಯಾರು ಮಾಡುತ್ತೀರಿ, ಎಲ್ಲಿಯವರೆಗೆ?

ಕೂಟಕ್ಕೆ ನಲವತ್ತು ನಿಮಿಷ ಸಾಕು. ಐವತ್ತು ಜನರನ್ನು ಒಟ್ಟಿಗೆ ಕೂಡಿಸಬೇಡಿ, ಹತ್ತು ಹತ್ತು ಜನರ ಐದು ಗುಂಪು ಮಾಡಿ. ಅಧಿಕಾರಿ ನೆಲದ ಮೇಲೇ ಕೂರಬೇಕು. ಮತ್ತೆ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಮುಂಚೆಯೇ ಇರಲಿ, ಆಮೇಲೆ ಇಟ್ಟರೆ ಎಲ್ಲರಿಗೂ ನಿದ್ದೆ. ಅತಿಥಿಗಳು ಬಂದಾಗ ಮೊದಲು ಕತ್ತರಿ ಬೀಳುವುದು ಈ ನಲವತ್ತು ನಿಮಿಷಕ್ಕೇ. ಅದನ್ನು ಬಿಟ್ಟುಕೊಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

ಈಗ ಆ ಬೀಗದ ಮನೆಗಳ ಕಥೆ ಮುಂದುವರಿಸುತ್ತೇನೆ. ಆ ಹುಡುಗ ಹೇಳಿದ ಮರುದಿನ ಕಾರ್ಯಕ್ರಮ ಪಟ್ಟಿಯಲ್ಲಿ ಇದ್ದದ್ದು ಬಿಟ್ಟು, ಹತ್ತು ಜನ ಹುಡುಗರು ಬೀಗ ಹಾಕಿದ ಮನೆಗಳನ್ನಷ್ಟೇ ಎಣಿಸಿದರು. ಹದಿನಾಲ್ಕು ಸಿಕ್ಕವು. ಪಕ್ಕದ ಮನೆಯವರನ್ನು ಕೇಳಿ ಆ ಮನೆಗಳ ಶಾಲೆ ವಯಸ್ಸಿನ ಮಕ್ಕಳ ಹೆಸರು ಬರೆದುಕೊಂಡರು, ಹೆಡ್ ಮಾಸ್ತರ ಹತ್ತಿರ ಹೋಗಿ ಹಾಜರಿ ಪುಸ್ತಕಕ್ಕೆ ಹೋಲಿಸಿದರು. ಹದಿನೇಳು ಮಕ್ಕಳು. ಆರು ಜನ ಊರಲ್ಲೇ ಇದ್ದರು, ಬೇರೆ ಓಣಿಯಲ್ಲಿ ಆಯಿ ಮುತ್ಯಾರ ಜೊತೆ, ಆದರೆ ಶಾಲೆಗೆ ಬರುತ್ತಿರಲಿಲ್ಲ. ಹನ್ನೊಂದು ಜನ ಅಪ್ಪ ಅವ್ವನ ಜೊತೆ ಹೋಗಿದ್ದರು. ಅವರಲ್ಲಿ ಎಂಟು ಮಕ್ಕಳ ಮನೆಯವರ ಫೋನ್ ನಂಬರ್ ಸಿಕ್ಕಿತು. ಪುಣೆ, ಹೈದರಾಬಾದ್, ಒಬ್ಬರು ಬೆಂಗಳೂರು.

ಫೋನ್ ಮಾಡಿ ಏನು ಹೇಳುವುದು? ಇಲ್ಲಿ ತರಗತಿಯ ಪಾಠ ಕೆಲಸಕ್ಕೆ ಬಂತು. ರಾಜ್ಯಶಾಸ್ತ್ರದಲ್ಲಿ ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ, 2009ರದ್ದು, ಓದಿದ್ದರು. ಅಂಕಕ್ಕೆ ಓದಿದ್ದು. ಈಗ ಅದನ್ನೇ ತೆಗೆದು ಬೆರಳಿಟ್ಟು ಓದಿದರು. ವರ್ಗಾವಣೆ ಪತ್ರ, ಅಂದರೆ ಟಿ.ಸಿ. ತರಲು ತಡವಾಯಿತು ಅಂತ ಬೇರೆ ಊರಿನ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳಲು ತಡ ಮಾಡುವಂತಿಲ್ಲ, ಇಲ್ಲ ಅನ್ನುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಆ ಅಪ್ಪ ಅವ್ವಂದಿರಿಗೆ ಇದು ಗೊತ್ತಿರಲಿಲ್ಲ. 'ಟಿ.ಸಿ. ಊರಾಗೈತಿ, ಅದಕ್ಕ ಸೇರ್ಸಿಲ್ಲ' ಅನ್ನುವುದೇ ಹೆಚ್ಚಿನವರ ಉತ್ತರ. ಒಬ್ಬೊಬ್ಬ ಸ್ವಯಂಸೇವಕ ಒಂದೋ ಎರಡೋ ಮಕ್ಕಳ ಹೊಣೆ ಹೊತ್ತ. ಭಾನುವಾರ ಸಂಜೆ ಒಂದು ಫೋನ್. ಮಗುವಿನ ಜೊತೆ ಮಾತು, ಅಪ್ಪ ಅಥವಾ ಅವ್ವನ ಜೊತೆ ಮಾತು.

ಏನಾಯಿತು? ಆಯಿ ಮುತ್ಯಾರ ಜೊತೆ ಇದ್ದ ಆರು ಜನರಲ್ಲಿ ನಾಲ್ವರು ಪರೀಕ್ಷೆ ತನಕ ಶಾಲೆಗೆ ಬಂದರು, ಅಷ್ಟು ಕಷ್ಟವೇನೂ ಆಗಲಿಲ್ಲ. ಹೊರಗಿದ್ದ ಎಂಟರಲ್ಲಿ ಇಬ್ಬರಷ್ಟೇ ಅಲ್ಲಿಯ ಶಾಲೆ ಸೇರಿದರು. ಕಾಯ್ದೆ ಇದೆ, ಆದರೆ ಪುಣೆಯ ಶಾಲೆಯಲ್ಲಿ ಮರಾಠಿ, ಹೈದರಾಬಾದಿನಲ್ಲಿ ತೆಲುಗು. ಕನ್ನಡದಲ್ಲಿ ಮೂರನೇ ತರಗತಿ ಓದಿದ ಮಗು ಅಲ್ಲಿ ಹೋಗಿ ಏನು ಮಾಡಬೇಕು? ಕಟ್ಟಡದ ಜಾಗವೂ ಎರಡು ತಿಂಗಳಿಗೊಮ್ಮೆ ಬದಲಾಗುತ್ತದೆ. ಇನ್ನೈದು ಮಕ್ಕಳು ಮಳೆಗಾಲಕ್ಕೆ ಊರಿಗೆ ಬಂದಾಗ ಮತ್ತೆ ಶಾಲೆಗೆ ಬಂದರು, ಫೋನ್ ನಡೆದಿದ್ದರಿಂದ ಹೆಸರು ಉಳಿದಿತ್ತು. ಒಂದು ಮಗು ಬರಲಿಲ್ಲ. ಆಮೇಲಿನ ಒಂದು ಸಂಜೆ ಕೂಟದಲ್ಲಿ ಮೊದಲ ಸಲ ಹುಡುಗರು ಕೇಳಿದ್ದು, ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಹಂಗಾಮಿ ವಸತಿ ಯಾಕಿಲ್ಲ, ಅದಕ್ಕೆ ಯಾರನ್ನು ಕೇಳಬೇಕು, ಅರ್ಜಿ ಹೇಗೆ ಬರೆಯಬೇಕು ಅಂತ. ಮೂರನೇ ಮೆಟ್ಟಿಲು ಅಂದರೆ ಇದೇ. ನಾನು ಕಲಿಸಲಿಲ್ಲ. ಫೋನಿನ ಆ ಕಡೆ ಒಂದು ಮಗು ಇತ್ತು, ಅದು ಕಲಿಸಿತು.

ಆದರೆ ಇದರಲ್ಲೇ ನಮ್ಮ ಕೈಯಿಂದ ಒಂದು ತಪ್ಪೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಹುಡುಗರಿಗೆ ಸೆಮಿಸ್ಟರ್ ಪರೀಕ್ಷೆ ಬಂತು. ಮೂವರು ಫೋನ್ ಮಾಡುವುದು ಬಿಟ್ಟರು, ಹೇಳದೆ. ಅವರಲ್ಲಿ ಒಬ್ಬನಿಗೆ ಪುಣೆಯಿಂದ ಮಗುವೇ ಅಪ್ಪನ ಫೋನಿನಲ್ಲಿ ಮಿಸ್ಡ್ ಕಾಲ್ ಕೊಟ್ಟಿದೆ, ಸತತ ಮೂರು ಭಾನುವಾರ. ಅವನು ಎತ್ತಲಿಲ್ಲ. ಓದುತ್ತಿದ್ದೆ, ಆಮೇಲೆ ಮಾತಾಡಲು ಮುಖ ಇರಲಿಲ್ಲ ಸರ್ ಅಂದ. ಜೂನ್‌ನಲ್ಲಿ ಬಾರದೆ ಉಳಿದದ್ದು ಆ ಮಗುವೇ. ಫೋನ್ ನಿಂತದ್ದೇ ಕಾರಣ ಅಂತ ಹೇಳಲಾರೆ, ಆ ಮನೆಯಲ್ಲಿ ಬೇರೆ ತೊಂದರೆಗಳೂ ಇದ್ದವು. ಆದರೆ ಆ ಹುಡುಗ ಹಾಗೇ ಅಂದುಕೊಂಡಿದ್ದಾನೆ. ಇದರಲ್ಲಿ ಅವನಿಗಿಂತ ನನ್ನ ತಪ್ಪು ಜಾಸ್ತಿ. ಎಲ್ಲಿಯವರೆಗೆ ಅಂತ ಅವನಿಗೂ ಹೇಳಿರಲಿಲ್ಲ, ಮಗುವಿಗೂ ಹೇಳಿರಲಿಲ್ಲ. ಈಗ ನಾವು ಮೊದಲ ಫೋನಿನಲ್ಲೇ ಹೇಳುತ್ತೇವೆ: ಏಪ್ರಿಲ್ ಕೊನೆಯ ಭಾನುವಾರದವರೆಗೆ ನಾನು ಮಾಡ್ತೀನಿ, ಆಮೇಲೆ ಇಂಥವರು ಮಾಡ್ತಾರೆ. ಕೊನೆಯ ಫೋನಿನಲ್ಲಿ ಇಬ್ಬರೂ ಇರಬೇಕು, ಬಿಡುವವನೂ ಹಿಡಿಯುವವನೂ. ಚಿಕ್ಕ ಹೊಣೆ ಕೊಡಿ, ಆದರೆ ಅದಕ್ಕೆ ಒಂದು ತಾರೀಖು ಇರಲಿ.

ಕಡ್ಡಾಯದ ಬಗ್ಗೆ ಪ್ರಶ್ನೆ ಬರುತ್ತದೆ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಅಂಕಕ್ಕೋ ಪ್ರಮಾಣಪತ್ರಕ್ಕೋ ಬಂದವರಲ್ಲಿ ಇದೆಲ್ಲ ಆಗುತ್ತದಾ? ಸ್ಟೂಕಸ್, ಸ್ನೈಡರ್, ಕ್ಲೇರಿ ಅನ್ನುವ ಮೂವರು 1999ರಲ್ಲಿ ಇದನ್ನೇ ನೋಡಿದರು. ಮೊದಲೇ ಮನಸ್ಸಿಲ್ಲದ ವಿದ್ಯಾರ್ಥಿಗೆ 'ನೀನು ಮಾಡಲೇಬೇಕು' ಅಂದರೆ ಮುಂದೆ ತಾನಾಗಿ ಸೇವೆಗೆ ಬರುವ ಮನಸ್ಸು ಕಡಿಮೆಯಾಗುತ್ತದೆ, 'ನೀನೇ ಆರಿಸಿಕೋ' ಅಂದರೆ ಅಷ್ಟು ಕುಗ್ಗುವುದಿಲ್ಲ. ನನ್ನ ಅನುಭವವೂ ಹಾಗೇ. ಪ್ರಮಾಣಪತ್ರಕ್ಕೆ ಬರಲಿ ಬಿಡಿ, ಬಾಗಿಲು ಯಾವುದಾದರೇನು. ಒಳಗೆ ಬಂದ ಮೇಲೆ ಕೆಲಸ ಅವನೇ ಆರಿಸಲಿ. ಆ ಹತ್ತು ಜನರನ್ನು ನಾನು ಆರಿಸಲಿಲ್ಲ, ಅವರೇ ಎದ್ದು ನಿಂತರು. ಉಳಿದ ನಲವತ್ತು ಜನ ಚರಂಡಿ, ಗಿಡ, ನಾಟಕ ಅಂತ ತಮತಮಗೆ ಬೇಕಾದ್ದು ಹಿಡಿದರು.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಸೇವೆಗೆ ಬಂದ ಹುಡುಗರು ಜವಾಬ್ದಾರಿ ಇರುವವರಾಗಿ ಕಾಣುತ್ತಾರೆ ಅಂದರೆ ಅದೆಲ್ಲ ಸೇವೆಯಿಂದಲೇ ಬಂತು ಅಂತ ಹೇಳಲಾಗುವುದಿಲ್ಲ. ಅಂಥವರೇ ಮೊದಲು ಬಂದು ಹೆಸರು ಕೊಟ್ಟಿರುತ್ತಾರೆ. ಶಿಬಿರದ ಕೊನೆಯ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರವನ್ನೂ ನಂಬಬೇಡಿ, ಅವತ್ತು ಎಲ್ಲರ ಕಣ್ಣಲ್ಲೂ ನೀರಿರುತ್ತದೆ. ನಾನು ನೋಡುವುದು ಡೈರಿಯ ಭಾಷೆ. ಮೊದಲ ದಿನ 'ನಾವು ಗ್ರಾಮಸ್ಥರಿಗೆ ಅರಿವು ಮೂಡಿಸಿದೆವು' ಅಂತ ಇರುತ್ತದೆ. ಅದರಲ್ಲಿ ಯಾರ ಹೆಸರೂ ಇಲ್ಲ. ಐದನೇ ದಿನಕ್ಕೆ 'ಇಂಥ ಆಯಿಗೆ ನಾಳೆ ಬರ್ತೀನಿ ಅಂದಿದ್ದೇನೆ' ಅಂತ ಬಂದರೆ, ಒಬ್ಬರ ಹೆಸರು, ಒಂದು ದಿನ, 'ನಾನು' ಅನ್ನುವ ಮಾತು, ಈ ಮೂರೂ ಒಂದೇ ವಾಕ್ಯದಲ್ಲಿ ಬಂದರೆ, ಏನೋ ಆಗಿದೆ ಅಂತ ಅರ್ಥ. ಮೂರು ತಿಂಗಳಾದ ಮೇಲೂ ಆ ಊರಿನ ಒಬ್ಬರ ಹೆಸರು ಅವನ ಬಾಯಲ್ಲಿದೆಯಾ ಅಂತ ಸುಮ್ನೆ ಮಾತಿನಲ್ಲಿ ಕೇಳಿ ನೋಡಿ.

ಫೋಟೋ ಬಗ್ಗೆಯೂ ಒಂದು ಮಾತು. ವರದಿಗೆ ಫೋಟೋ ಬೇಕು, ಗೊತ್ತು. ಶ್ರಮದಾನದ್ದು ತೆಗೆಯಿರಿ, ನಿಮ್ಮ ಹುಡುಗರದ್ದು ತೆಗೆಯಿರಿ. ಬೀಗದ ಮನೆ ಮುಂದೆ ನಿಂತು, ಆಯಿಯ ಪಕ್ಕ ಆ ಮಗುವನ್ನು ನಿಲ್ಲಿಸಿ ತೆಗೆಯಬೇಡಿ. ಹಾಗೆ ನಿಂತಿದ್ದ ಮಗು ನಾಳೆ ನಿಮ್ಮದೇ ಕಾಲೇಜಿಗೆ ಬರುತ್ತದೆ.

ಮೊದಲು ಹೇಳಿದೆನಲ್ಲ, ಬೀಗದ ಮನೆಯ ಆ ಹುಡುಗ, ಅವನು ಮರುವರ್ಷ ಶಿಬಿರದ ನಾಯಕನಾದ. ಹೊರಡುವ ಹಿಂದಿನ ದಿನ ನನ್ನ ಸಮೀಕ್ಷೆ ಫಾರಂ ಕೇಳಿ ತೆಗೆದುಕೊಂಡು ಹೋದ. ಬೆಳಗ್ಗೆ ಜೆರಾಕ್ಸ್ ಅಂಗಡಿಯಿಂದ ಹೊಸ ಪ್ರತಿಗಳನ್ನು ಹಿಡಿದು ಬಸ್ಸು ಹತ್ತಿದ. ನೋಡಿದೆ. 'ಬೀಗ ಹಾಕಿದ ಮನೆ' ಅನ್ನುವ ಕಾಲಂ ಇರಲಿಲ್ಲ. ಆ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆದು ನಾಲ್ಕು ಪ್ರಶ್ನೆ ಬರೆದಿದ್ದ: ಎಲ್ಲಿಗೆ ಹೋಗ್ಯಾರ? ಯಾವಾಗ ಬರ್ತಾರ? ಮಕ್ಕಳು ಯಾರ ಹತ್ರ ಅದಾವ? ಯಾರನ್ನ ಕೇಳಬೇಕು? ಅದನ್ನೇ ಈಗಲೂ ಬಳಸುತ್ತಿದ್ದೇವೆ, ಅವನು ಬರೆದ ಮಾತಿನಲ್ಲೇ.